ದೊಡ್ಡಪ್ಪನಿಗೆ ಬರೆಯುವ ಪತ್ರದಲ್ಲಿ ಅನುಮತಿ ಕೇಳಬೇಡಿ, ವಾದವನ್ನೂ ಹೂಡಬೇಡಿ

ಪ್ರಶ್ನೆ: ನನಗೆ 34 ವರ್ಷ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವರು ದೊಡ್ಡಪ್ಪ. ಮದುವೆಗೆ ಸಂಬಂಧ ನೋಡಿದವರೂ ಅವರೇ, ನನ್ನನ್ನು ಕೇಳಿಯೇ ಮುಂದುವರಿದರು. ಈಗ ನಾನು ಮತ್ತು ನನ್ನ ಪತಿ ಬೇರೆಯಾಗಲು ನಿರ್ಧರಿಸಿದ್ದೇವೆ. ಹಿಂಸೆ, ಜಗಳ ಏನೂ ಇರಲಿಲ್ಲ. ಆಪ್ತಸಮಾಲೋಚನೆಗೂ ಹೋಗಿ ನೋಡಿದೆವು, ಆಗಲಿಲ್ಲ. ದೊಡ್ಡಪ್ಪನಿಗೆ 76 ವರ್ಷ. ಫೋನಿನಲ್ಲಿ ಹೇಳಲು ಹೋದರೆ ಅವರು ನಡುವೆಯೇ ಮಾತು ಶುರು ಮಾಡುತ್ತಾರೆ, ನಾನು ಅತ್ತುಬಿಡುತ್ತೇನೆ. ಪತ್ರ ಬರೆಯಲು ಕುಳಿತರೆ ಆರು ಪುಟವಾಗುತ್ತದೆ, ಹರಿದು ಹಾಕುತ್ತೇನೆ. ಅವರಿಗೆ ಅಗೌರವವಾಗದಂತೆ ಹೇಗೆ ಬರೆಯಲಿ?

ಉತ್ತರ: ಮುಂದಿನ ಸಲ ಆ ಆರು ಪುಟಗಳನ್ನು ಹರಿಯಬೇಡಿ, ಪೂರ್ತಿ ಬರೆದು ಎತ್ತಿಡಿ. ಅವು ದೊಡ್ಡಪ್ಪನಿಗೆಂದು ಶುರುವಾದರೂ ನೀವು ನಿಮಗೇ ಬರೆದುಕೊಳ್ಳುತ್ತಿರುವ ಪುಟಗಳು. ಅಷ್ಟು ಉದ್ದವಾಗುತ್ತಿರುವುದೂ ಅದಕ್ಕೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಅತ್ಯಂತ ನೋವಿನ ಅನುಭವವನ್ನು ಬರೆಯಬೇಕಿತ್ತು. ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆದರೆ ಬರೆದು ಮುಗಿಸಿದ ಆ ಹೊತ್ತಿನಲ್ಲಿ ಅವರ ಮನಸ್ಸು ಮೊದಲಿಗಿಂತ ಹೆಚ್ಚು ಕದಡಿತ್ತು. ನಿಮಗೆ ಮುಖ್ಯವಾದದ್ದು ಈ ಕೊನೆಯ ಮಾತು. ಒಳಗಿರುವುದನ್ನೆಲ್ಲ ಹೊರಹಾಕುವ ಬರವಣಿಗೆ ಬೇಕು, ಆದರೆ ಅದು ಕಳುಹಿಸುವ ಪತ್ರವಲ್ಲ. ಕಳುಹಿಸುವ ಪತ್ರವನ್ನು ಕೆಲವು ದಿನ ಬಿಟ್ಟು, ಆ ಪುಟಗಳನ್ನು ಎದುರಿಗಿಟ್ಟುಕೊಳ್ಳದೆ ಹೊಸದಾಗಿ ಬರೆಯಿರಿ. ಅದು ಒಂದೂವರೆ ಪುಟ ದಾಟದಿರಲಿ. ಇಂಥ ಪತ್ರವನ್ನು ಹಿರಿಯರು ಒಮ್ಮೆ ಓದಿ ಬಿಡುವುದಿಲ್ಲ, ದಿನಗಟ್ಟಲೆ ಮತ್ತೆ ಮತ್ತೆ ತೆಗೆದು ಓದುತ್ತಾರೆ. ಒಂದು ಅನಗತ್ಯ ವಾಕ್ಯವಿದ್ದರೆ ಅದನ್ನೂ ಅಷ್ಟೇ ಸಲ ಓದುತ್ತಾರೆ.

ಬರೆಯುವ ಮೊದಲು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ. ದೊಡ್ಡಪ್ಪ ‘ಬೇಡ’ ಎಂದರೆ ನಿಮ್ಮ ನಿರ್ಧಾರ ಬದಲಾಗುತ್ತದೆಯೇ? ನೀವು ಬರೆದಿರುವುದನ್ನು ನೋಡಿದರೆ ಬದಲಾಗುವುದಿಲ್ಲ. ಹಾಗಿದ್ದರೆ ಪತ್ರದಲ್ಲೆಲ್ಲೂ ‘ನೀವು ಏನು ಹೇಳುತ್ತೀರಿ?’, ‘ನಿಮ್ಮ ಒಪ್ಪಿಗೆ ಇದ್ದರೆ’ ಎಂಬ ಮಾತು ಬರಕೂಡದು. ಹಿರಿಯರಿಗೆ ಬರೆಯುವವರು ಅತಿ ಹೆಚ್ಚು ಎಡವುವುದು ಇಲ್ಲಿಯೇ ಎಂಬುದನ್ನು ಇಷ್ಟು ವರ್ಷ ಕುಟುಂಬಗಳ ಜೊತೆ ಕುಳಿತು ಕಂಡಿದ್ದೇನೆ. ಗೌರವ ಎಂದರೆ ಅನುಮತಿ ಕೇಳುವುದು ಎಂದುಕೊಂಡು, ಆಗಲೇ ತೀರ್ಮಾನವಾಗಿರುವುದನ್ನು ಪ್ರಶ್ನೆಯ ರೂಪದಲ್ಲಿ ಬರೆಯುತ್ತಾರೆ. ಹಿರಿಯರು ಅದನ್ನು ನಿಜವಾದ ಪ್ರಶ್ನೆಯೆಂದೇ ನಂಬುತ್ತಾರೆ, ರಾತ್ರಿಯೆಲ್ಲ ಯೋಚಿಸಿ ಉತ್ತರ ಕೊಡುತ್ತಾರೆ, ಆಮೇಲೆ ಆ ಉತ್ತರಕ್ಕೆ ಬೆಲೆಯೇ ಇರಲಿಲ್ಲ ಎಂದು ತಿಳಿಯುತ್ತದೆ. ಮೊದಲ ಸುದ್ದಿಯ ನೋವಿನ ಮೇಲೆ ಈ ಅವಮಾನವೂ ಸೇರುತ್ತದೆ. ನಿಮ್ಮ ಕೈಯಲ್ಲಿರುವ ನಿಜವಾದ ಗೌರವ ಬೇರೆಯದು: ಬೇರೆಯವರ ಬಾಯಿಂದ ಕೇಳುವ ಮೊದಲು ನೀವೇ ಹೇಳುವುದು, ನೇರವಾಗಿ ಹೇಳುವುದು, ಅವರಿಗೆ ಸಿಟ್ಟು ಮಾಡಿಕೊಳ್ಳಲು ಅವಕಾಶ ಬಿಡುವುದು.

ಸುದ್ದಿ ಪತ್ರದ ಎಲ್ಲಿ ಬರಬೇಕು? ನಾಲ್ಕನೆಯ ಅಥವಾ ಐದನೆಯ ವಾಕ್ಯದಲ್ಲಿ. ಕ್ಯಾನ್ಸರ್ ರೋಗಿಗಳಿಗೆ ಕೆಟ್ಟ ಸುದ್ದಿ ತಿಳಿಸುವುದನ್ನು ವೈದ್ಯರಿಗೆ ಕಲಿಸಲು ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಂಗಡಿಗರು 2000ರಲ್ಲಿ ಆರು ಹಂತಗಳ ವಿಧಾನವೊಂದನ್ನು ಪ್ರಕಟಿಸಿದರು. ‘ಸ್ಪೈಕ್ಸ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಸುದ್ದಿ ಹೇಳುವ ಮುನ್ನ ಒಂದು ಚಿಕ್ಕ ಎಚ್ಚರಿಕೆಯ ಮಾತು, ಆಮೇಲೆ ತಿರುವುಮುರುವಿಲ್ಲದ ಸರಳ ಭಾಷೆಯಲ್ಲಿ ಸುದ್ದಿ ಎಂಬುದು ಅದರಲ್ಲಿರುವ ಒಂದು ಸೂಚನೆ. ಪತ್ರಕ್ಕೂ ಇದು ಹೊಂದುತ್ತದೆ. ‘ನಿಮಗೆ ನೋವಾಗುವ ವಿಷಯವೊಂದನ್ನು ತಿಳಿಸಬೇಕಾಗಿದೆ’ ಎಂಬ ಒಂದು ಸಾಲು ಸಾಕು. ಮುಂದಿನ ಪ್ಯಾರಾದ ಮೊದಲ ವಾಕ್ಯವೇ ಸುದ್ದಿಯಾಗಲಿ. ಎಚ್ಚರಿಕೆಗೂ ಸುದ್ದಿಗೂ ನಡುವೆ ಅರ್ಧ ಪುಟ ಇಟ್ಟರೆ, ಆ ಅರ್ಧ ಪುಟ ಓದುವಷ್ಟರಲ್ಲಿ 76ರ ಜೀವ ಯಾವ ಯಾವ ಕಾಯಿಲೆ, ಅಪಘಾತಗಳನ್ನು ಊಹಿಸಿಕೊಳ್ಳುತ್ತದೆಯೋ ಹೇಳಲಾಗದು. ಆದ್ದರಿಂದಲೇ ‘ನಾನು ಆರೋಗ್ಯವಾಗಿದ್ದೇನೆ’ ಎಂಬುದು ಎಲ್ಲಕ್ಕಿಂತ ಮೊದಲು ಬರಲಿ.

ಸುದ್ದಿಯ ವಾಕ್ಯವನ್ನು ಮೃದು ಮಾಡಲು ಹೋಗಬೇಡಿ. ‘ಸದ್ಯಕ್ಕೆ ಸ್ವಲ್ಪ ಕಾಲ ದೂರ ಇರೋಣ ಎಂದುಕೊಂಡಿದ್ದೇವೆ’ ಎಂದು ಬರೆದಿರೋ, ದೊಡ್ಡಪ್ಪ ಮರುದಿನವೇ ರಾಜಿ ಮಾಡಿಸಲು ಹೊರಡುತ್ತಾರೆ. ಅದು ಅವರ ತಪ್ಪಲ್ಲ, ನೀವು ಬರೆದದ್ದರ ಅರ್ಥವೇ ಅದು. ‘ನಾವು ವಿಚ್ಛೇದನ ಪಡೆಯಲು ನಿರ್ಧರಿಸಿದ್ದೇವೆ’ ಎಂಬುದು ಓದಲು ಕಠಿಣ, ಆದರೆ ಅದರಲ್ಲಿ ಸುಳ್ಳು ಆಸೆ ಇಲ್ಲ.

ಇನ್ನು ಕಾರಣಗಳು. ನಿಮ್ಮ ಆರು ಪುಟದಲ್ಲಿ ಮುಕ್ಕಾಲು ಪಾಲು ಅವೇ ಇರುತ್ತವೆ. ಒಂದೇ ಕಾರಣ ಬರೆಯಿರಿ, ಎಲ್ಲಕ್ಕಿಂತ ನಿಜವಾದದ್ದನ್ನು. ಬದುಕಿನ ಸಮಸ್ಯೆಗಳನ್ನು ಬಗೆಹರಿಸಿಯೇ ಬಾಳಿದ ಹಿರಿಯರ ಕಿವಿಗೆ ಪ್ರತಿ ಕಾರಣವೂ ಬಗೆಹರಿಸಬೇಕಾದ ಸಮಸ್ಯೆಯಾಗಿ ಕೇಳುತ್ತದೆ. ‘ಅವರು ತಡವಾಗಿ ಮನೆಗೆ ಬರುತ್ತಾರೆ’ ಎಂದರೆ ‘ಬೇಗ ಬರುವಂತೆ ನಾನು ಹೇಳುತ್ತೇನೆ’ ಎನ್ನುತ್ತಾರೆ. ‘ಮಾತೇ ಆಡುವುದಿಲ್ಲ’ ಎಂದರೆ ‘ನಿನ್ನ ದೊಡ್ಡಮ್ಮನ ಜೊತೆ ನಾನೇನು ದಿನವಿಡೀ ಮಾತಾಡುತ್ತಿದ್ದೆನೇ?’ ಎಂಬ ಉತ್ತರ ಬರುತ್ತದೆ. ಹತ್ತು ಕಾರಣ ಕೊಟ್ಟರೆ ಅವರು ಅತ್ಯಂತ ದುರ್ಬಲವಾದ ಒಂದನ್ನು ಎತ್ತಿಕೊಳ್ಳುತ್ತಾರೆ, ಉಳಿದ ಒಂಬತ್ತು ಅಲ್ಲಿಯೇ ಬಿದ್ದುಹೋಗುತ್ತವೆ. ಹಾಗೆಂದು ಕಾರಣವನ್ನೇ ಹೇಳದೆ ‘ಅದೆಲ್ಲ ಈಗ ಬೇಡ’ ಎಂದು ಮುಗಿಸಿದರೆ, ನಿಮ್ಮನ್ನು ಸಾಕಿದವರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದಂತಾಗುತ್ತದೆ. ಪ್ರಯತ್ನ ಮಾಡಿದಿರಿ ಎಂಬ ಸಂಗತಿ ಮತ್ತು ಏನು ಕೈಗೂಡಲಿಲ್ಲ ಎಂಬ ಒಂದು ವಾಕ್ಯ, ಇಷ್ಟರಲ್ಲಿ ನಿಲ್ಲಿಸಿ.

ಪತಿಯ ಬಗ್ಗೆ ಬರೆಯುವಾಗ ಇನ್ನೂ ಒಂದು ಜಾಗ್ರತೆ ಬೇಕು. ಕಾಗದ ದೊಡ್ಡಪ್ಪನ ಕೈಯಲ್ಲೇ ಉಳಿಯುತ್ತದೆಂದು ಎಣಿಸಬೇಡಿ. ಕನ್ನಡಕ ಸಿಗದಿದ್ದಾಗ ಯಾರೋ ಓದಿ ಹೇಳುತ್ತಾರೆ, ಇನ್ಯಾರೋ ಫೋಟೊ ತೆಗೆಯುತ್ತಾರೆ. ಪ್ರತಿ ವಾಕ್ಯವನ್ನೂ ನಿಮ್ಮ ಅತ್ತೆಯ ಎದುರು ಗಟ್ಟಿಯಾಗಿ ಓದಿದರೆ ಹೇಗಿರುತ್ತದೆ ಎಂದು ಯೋಚಿಸಿ ನೋಡಿ. ತಡೆಯಲಾಗದು ಎನ್ನಿಸಿದ ವಾಕ್ಯ ಪತ್ರದಲ್ಲಿರುವುದು ಬೇಡ. ವಿಚ್ಛೇದನದ ಅರ್ಜಿ ನ್ಯಾಯಾಲಯದಲ್ಲಿದ್ದರೆ ಅಥವಾ ಹೋಗಲಿದ್ದರೆ ಇದು ಬರೀ ಮರ್ಯಾದೆಯ ಮಾತಲ್ಲ. ಪತ್ರವೂ ದಾಖಲೆಯಾಗಬಹುದು. ಹಣ, ಆಸ್ತಿ, ಯಾರದು ತಪ್ಪು ಎಂಬ ಯಾವುದನ್ನೂ ಅದರಲ್ಲಿ ಬರೆಯಬೇಡಿ, ಅನುಮಾನವಿದ್ದರೆ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.

ಈಗ ನಿಮ್ಮ ಪತ್ರದ ಹೃದಯಕ್ಕೆ ಬರುತ್ತೇನೆ. ಸುದ್ದಿ ಓದಿದ ಕೂಡಲೇ ದೊಡ್ಡಪ್ಪನ ಮನಸ್ಸಿಗೆ ಮೊದಲು ಬರುವುದು ನಿಮ್ಮ ಭವಿಷ್ಯವಲ್ಲದಿರಬಹುದು, ‘ಸಂಬಂಧ ನೋಡಿದವನು ನಾನು’ ಎಂಬುದಿರಬಹುದು. ತಮ್ಮನ ಮಗಳನ್ನು ದಡ ಸೇರಿಸಿದೆ ಎಂಬ ನೆಮ್ಮದಿ ಅವರ ಬದುಕಿನ ದೊಡ್ಡ ಗಳಿಕೆಯಾಗಿದ್ದರೆ, ಅದು ಒಂದೇ ಓದಿಗೆ ಅಲುಗಾಡುತ್ತದೆ. ಅವರ ಸಿಟ್ಟು ಹೊರಗೆ ನಿಮ್ಮ ಕಡೆ ತಿರುಗಿದರೂ ಒಳಗೆ ತಮ್ಮನ್ನೇ ಸುಡುತ್ತಿರುತ್ತದೆ. ಇದನ್ನು ಪತ್ರ ಮುಟ್ಟದೆ ಹೋದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ.

ಎಲ್ಲರಿಗೂ ತೋಚುವ ವಾಕ್ಯ ‘ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ’ ಎಂಬುದು. ಅದನ್ನು ಬರೆಯಬೇಡಿ. ಯಾರೂ ಹೊರಿಸದ ಆರೋಪವನ್ನು ನೀವೇ ಹೊರಿಸಿ, ನೀವೇ ಮನ್ನಿಸಿದಂತೆ ಕೇಳುತ್ತದೆ. ಅದರ ಬದಲು ನಡೆದದ್ದನ್ನು ನೆನಪಿಸಿ. ಅವರು ನಿಮ್ಮನ್ನು ಕೇಳಿಯೇ ಮುಂದುವರಿದರು, ಒಪ್ಪಿದವರು ನೀವು. ನೀವು ಪ್ರಶ್ನೆಯಲ್ಲಿ ಅರ್ಧ ಸಾಲಿನಲ್ಲಿ ಹೇಳಿಬಿಟ್ಟ ಈ ಸಂಗತಿಯೇ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂದು ಅವರು ನಿಮ್ಮನ್ನು ಆಯ್ಕೆ ಮಾಡಬಲ್ಲ ವ್ಯಕ್ತಿಯಾಗಿ ಕಂಡರು, ಇಂದೂ ನೀವು ಅದೇ ವ್ಯಕ್ತಿಯಾಗಿ ಬರೆಯುತ್ತಿದ್ದೀರಿ. ಈ ಎರಡನೆಯ ಮಾತನ್ನು ಬಿಡಿಸಿ ಬರೆಯುವುದು ಬೇಡ, ಮೊದಲನೆಯದನ್ನು ಬರೆದರೆ ಅವರಿಗೇ ಹೊಳೆಯುತ್ತದೆ.

ಕೃತಜ್ಞತೆಯ ವಿಷಯದಲ್ಲಿ ಬಹಳ ಒಳ್ಳೆಯ ಮನಸ್ಸಿನವರೂ ತಪ್ಪುತ್ತಾರೆ. ‘ನೀವು ನನಗಾಗಿ ಎಷ್ಟೆಲ್ಲ ಮಾಡಿದ್ದೀರಿ, ಆದರೂ ನಾನು ಈ ನಿರ್ಧಾರ ತೆಗೆದುಕೊಳ್ಳಬೇಕಾಯಿತು’ ಎಂದು ಎರಡನ್ನೂ ಒಂದೇ ವಾಕ್ಯದಲ್ಲಿ ಕಟ್ಟಿದರೆ, ಅವರು ಮಾಡಿದ್ದಕ್ಕೂ ನೀವು ಮಾಡುತ್ತಿರುವುದಕ್ಕೂ ಲೆಕ್ಕ ಹಾಕಿದಂತಾಗುತ್ತದೆ. ಆ ಲೆಕ್ಕದಲ್ಲಿ ನೀವು ಎಂದಿಗೂ ಸಾಲಗಾರರೇ. ಕೃತಜ್ಞತೆಯನ್ನು ಪತ್ರದ ಆರಂಭದಲ್ಲೂ ಇಡಬೇಡಿ, ಅಲ್ಲಿ ಅದು ಪೀಠಿಕೆಯಾಗುತ್ತದೆ. ಕೊನೆಯಲ್ಲಿ, ನಿರ್ಧಾರದ ಮಾತೆಲ್ಲ ಮುಗಿದ ಮೇಲೆ, ಒಂದೇ ಒಂದು ಸ್ಪಷ್ಟ ನೆನಪಾಗಿ ಬರೆಯಿರಿ. ‘ನಿಮ್ಮ ಋಣ ತೀರಿಸಲಾರೆ’ ಎಂಬಂಥ ದೊಡ್ಡ ಮಾತಿಗಿಂತ, ಅವರೇ ಮರೆತಿರಬಹುದಾದ ಒಂದು ಚಿಕ್ಕ ಘಟನೆ ಅವರನ್ನು ಮುಟ್ಟುತ್ತದೆ.

ಇಷ್ಟನ್ನೂ ಸೇರಿಸಿ ನಿಮಗಾಗಿ ಒಂದು ಕರಡು ಬರೆದಿದ್ದೇನೆ. ಸಂಬೋಧನೆಯನ್ನು ನೀವು ಅವರಿಗೆ ಎಂದಿನಿಂದ ಹೇಗೆ ಬರೆಯುತ್ತಿದ್ದಿರೋ ಹಾಗೆಯೇ ಇಡಿ. ಎಂದೂ ಇಲ್ಲದ ಬಿಗುವಿನ ಸಂಬೋಧನೆ ಕಂಡರೆ ಅವರು ಅಲ್ಲಿಯೇ ಗಾಬರಿಯಾಗುತ್ತಾರೆ.

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ನಿಮಗೆ ನೋವಾಗುವ ವಿಷಯವೊಂದನ್ನು ತಿಳಿಸಬೇಕಾಗಿದೆ. ಬೇರೆಯವರಿಂದ ನಿಮ್ಮ ಕಿವಿಗೆ ಬೀಳುವ ಮೊದಲು ನಾನೇ ಹೇಳಬೇಕೆಂದು ಬರೆಯುತ್ತಿದ್ದೇನೆ.

ನಾವಿಬ್ಬರೂ ವಿಚ್ಛೇದನ ಪಡೆಯಲು ನಿರ್ಧರಿಸಿದ್ದೇವೆ. ಇದು ಇಬ್ಬರೂ ಕೂತು ಮಾತಾಡಿ ತೆಗೆದುಕೊಂಡ ನಿರ್ಧಾರ. ಅವರು ನನ್ನನ್ನು ಕೆಟ್ಟದಾಗಿ ನಡೆಸಿಕೊಂಡಿಲ್ಲ, ನನಗೆ ಅವರ ಮೇಲೆ ಕೋಪವೂ ಇಲ್ಲ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಒಂಟಿಯಾಗಿಯೇ ಇದ್ದೆವು. ಅದನ್ನು ಸರಿಪಡಿಸಿಕೊಳ್ಳಲು ಆಪ್ತಸಮಾಲೋಚಕರ ಬಳಿಗೂ ಹೋದೆವು. ನಮ್ಮಿಂದ ಆಗಲಿಲ್ಲ.

ಈ ಸಂಬಂಧ ಬಂದಾಗ ನೀವು ನನ್ನನ್ನು ಒಬ್ಬಳನ್ನೇ ಕರೆದು, ‘ನಿನಗೆ ಮನಸ್ಸಿದ್ದರೆ ಮಾತ್ರ ಮುಂದುವರಿಯೋಣ’ ಎಂದಿರಿ. ಯೋಚಿಸಲು ಸಮಯವನ್ನೂ ಕೊಟ್ಟಿರಿ. ಯೋಚಿಸಿ ಒಪ್ಪಿದವಳು ನಾನು. ಆ ದಿನ ನೀವು ಕೇಳಿದ್ದನ್ನು ನಾನು ಯಾವತ್ತೂ ಮರೆತಿಲ್ಲ.

ಮುಂದಿನ ತಿಂಗಳಿನಿಂದ ಕಚೇರಿಗೆ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಇರುತ್ತೇನೆ. ಕೆಲಸ ಮೊದಲಿನಂತೆಯೇ ಇದೆ, ಸಂಬಳದಲ್ಲಿ ನನ್ನ ಖರ್ಚು ನಡೆಯುತ್ತದೆ.

ನಿಮ್ಮಲ್ಲಿ ಎರಡು ಕೋರಿಕೆ ಇದೆ. ಅವರ ಮನೆಯವರೊಡನೆ ಮಾತಾಡಬೇಕು ಎನ್ನಿಸಿದರೆ ಮೊದಲು ನನ್ನೊಡನೆ ಮಾತಾಡಿ. ಮತ್ತು ನಿಮಗೆ ಮನಸ್ಸಾದಾಗ ನಾನು ಬಂದು ನಿಮ್ಮನ್ನೂ ದೊಡ್ಡಮ್ಮನನ್ನೂ ನೋಡಲು ಅನುಮತಿ ಕೊಡಿ. ನಿಮಗೆ ಕೋಪ ಬಂದಿದ್ದರೆ ಅದನ್ನೂ ನಿಮ್ಮ ಎದುರು ಕೂತೇ ಕೇಳುತ್ತೇನೆ.

ಅಪ್ಪ ಹೋದ ವರ್ಷ ಕಾಲೇಜಿನ ಅರ್ಜಿಯಲ್ಲಿ ತಂದೆಯ ಸಹಿಯ ಜಾಗಕ್ಕೆ ಬಂದಾಗ ನಾನು ಪೆನ್ನು ಕೆಳಗಿಟ್ಟಿದ್ದೆ. ನೀವು ಏನೂ ಹೇಳದೆ ಅದನ್ನು ತೆಗೆದುಕೊಂಡು ಸಹಿ ಮಾಡಿದಿರಿ. ಅದು ನನಗೆ ಇಂದಿಗೂ ನೆನಪಿದೆ.

ನಿಮ್ಮ ಆಶೀರ್ವಾದ ಬಯಸುವ, ನಿಮ್ಮ ಮಗಳು.

ಒಬ್ಬಳನ್ನೇ ಕರೆದು ಕೇಳಿದ ವಿವರ, ಅರ್ಜಿಗೆ ಸಹಿ ಹಾಕಿದ ನೆನಪು, ಬಾಡಿಗೆ ಮನೆ, ಇವು ನಾನು ಕಲ್ಪಿಸಿಕೊಂಡವು. ಆ ಜಾಗಗಳಲ್ಲಿ ನಿಮ್ಮ ನಿಜವಾದ ಸಂಗತಿಗಳನ್ನೇ ಇಡಿ, ಕೃತಕವಾದದ್ದನ್ನು ಅವರು ತಕ್ಷಣ ಗುರುತಿಸುತ್ತಾರೆ. ವಾಸ ಮತ್ತು ಖರ್ಚಿನ ಪ್ಯಾರಾ ಒಣಗಿದಂತೆ ಕಂಡರೂ ಅದನ್ನು ತೆಗೆಯಬೇಡಿ. ‘ಮಗು ಎಲ್ಲಿರುತ್ತದೆ, ಹೇಗೆ ಬದುಕುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಸಿಗದ ತನಕ ಹಿರಿಯರ ಮನಸ್ಸು ಬೇರೆ ಯಾವುದನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನು ಆ ಎರಡು ಕೋರಿಕೆಗಳಲ್ಲಿ ನಾನು ‘ಅನುಮತಿ’ ಎಂದೇ ಬರೆದಿರುವುದನ್ನು ಗಮನಿಸಿರಬಹುದು. ಅವರ ಮನೆಗೆ ಬರುವುದು ನಿಜಕ್ಕೂ ಅವರು ಕೊಡಬೇಕಾದ ಅನುಮತಿ. ‘ಇಲ್ಲ’ ಎನ್ನಲು ಅವರಿಗೆ ಹಕ್ಕಿದೆ, ಅದನ್ನು ಪಾಲಿಸಲು ನೀವೂ ಸಿದ್ಧರಿದ್ದೀರಿ. ಕೇಳುವುದಿದ್ದರೆ ಹೀಗೆ ಅವರ ಕೈಯಲ್ಲಿರುವುದನ್ನೇ ಕೇಳಬೇಕು.

ಬರೆದ ಮೇಲೆ ಕುಟುಂಬದ ಹೊರಗಿನ ಒಬ್ಬ ಗೆಳತಿಯ ಕೈಗೆ ಕೊಟ್ಟು, ಭಾವವೇನೂ ಸೇರಿಸದೆ ಗಟ್ಟಿಯಾಗಿ ಓದಲು ಹೇಳಿ. ನೀವು ಸುಮ್ಮನೆ ಕೇಳಿ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಇ-ಮೇಲ್‌ನ ಧಾಟಿ ಓದುವವರಿಗೆ ತಿಳಿಯುತ್ತದೆಂದು ಬರೆದವರು ನಂಬಿದಷ್ಟು ಅದು ತಿಳಿಯಲಿಲ್ಲ. ಬರೆಯುವಾಗ ನಮ್ಮದೇ ದನಿ ಕಿವಿಯಲ್ಲಿರುತ್ತದೆ, ಕಾಗದದ ಮೇಲೆ ಅದು ಇರುವುದಿಲ್ಲ. ‘ದಯವಿಟ್ಟು ಅರ್ಥ ಮಾಡಿಕೊಳ್ಳಿ’ ಎಂಬುದು ನಿಮಗೆ ಬೇಡಿಕೆಯಂತೆ ಕೇಳಿದರೂ ಅವರಿಗೆ ‘ನಿಮಗೆ ಅರ್ಥವಾಗುವುದಿಲ್ಲ’ ಎಂದಂತೆ ಕೇಳಬಹುದು. ‘ಈಗಿನ ಕಾಲದಲ್ಲಿ ಇದೆಲ್ಲ ಸಾಮಾನ್ಯ’ ಎಂಬುದಂತೂ ಎಲ್ಲಿಯೂ ನುಸುಳದಿರಲಿ. ಅದು ಅವರ ಇಡೀ ಬಾಳನ್ನು ಹಳೆಯದೆಂದು ಬದಿಗೆ ಸರಿಸುವ ಮಾತು.

ಕೈಬರಹದಲ್ಲಿ, ದೊಡ್ಡ ಅಕ್ಷರದಲ್ಲಿ, ಕಾಗದದ ಮೇಲೆಯೇ ಬರೆಯಿರಿ. ಮೊಬೈಲ್ ಸಂದೇಶವಾಗಿ ಕಳುಹಿಸಿದರೆ ಓದಿದ್ದು ನಿಮಗೆ ಕೂಡಲೇ ಕಾಣುತ್ತದೆ, ಉತ್ತರ ಬಾರದ ಪ್ರತಿ ಗಂಟೆಯೂ ಇಬ್ಬರನ್ನೂ ಹಿಂಡುತ್ತದೆ. ಪತ್ರ ತಲುಪುವ ದಿನ ದೊಡ್ಡಮ್ಮನೋ ನಂಬಿಕೆಯ ಇನ್ನೊಬ್ಬರೋ ಮನೆಯಲ್ಲಿರುವಂತೆ ನೋಡಿಕೊಳ್ಳಿ. ಮನೆಯಲ್ಲಿ ಸಮಾರಂಭವೇನಾದರೂ ಹತ್ತಿರವಿದ್ದರೆ ಅದು ಮುಗಿಯಲಿ. ಆದರೆ ಈ ನೆಪದಲ್ಲಿ ತಿಂಗಳುಗಟ್ಟಲೆ ಮುಂದೂಡಬೇಡಿ. ಅಷ್ಟರಲ್ಲಿ ಬೇರೆ ಯಾರಾದರೂ ಹೇಳಿದರೆ ನಿಮ್ಮ ಪತ್ರದ ಮೊದಲ ಪ್ಯಾರಾವೇ ಸುಳ್ಳಾಗುತ್ತದೆ. ಅವರಿಗೆ ತಲುಪುವ ತನಕ ಉಳಿದ ಬಂಧುಗಳಿಗೆ ಹೇಳದಂತೆ ಪತಿಯ ಜೊತೆಗೂ ಮಾತಾಡಿಕೊಳ್ಳಿ.

ನಿಮ್ಮ ಮನೆಯಲ್ಲಿ ಹಿಂಸೆ ಇರಲಿಲ್ಲವಾದ್ದರಿಂದ ಇಷ್ಟು ನಿಧಾನದ ದಾರಿ ಹೇಳುತ್ತಿದ್ದೇನೆ. ಹೊಡೆತ ಬಡಿತವಿದ್ದ ಮನೆಯಿಂದ ಹೊರಬರುತ್ತಿರುವವರು, ಅಥವಾ ವಿಷಯ ತಿಳಿದರೆ ಹಿರಿಯರೇ ಬಲವಂತವಾಗಿ ತಡೆಯಬಹುದೆಂಬ ಭಯವಿರುವವರು, ಮೊದಲು ಸುರಕ್ಷಿತ ಜಾಗ ಸೇರಬೇಕು. ಪತ್ರ ಆಮೇಲಿನ ಮಾತು.

ಪತ್ರ ತಲುಪಿದ ಮೇಲೆ ಹಲವು ದಿನ ಮೌನವಿರಬಹುದು. ಅದನ್ನು ತಿರಸ್ಕಾರವೆಂದು ಓದಬೇಡಿ. ನೀವು ತಿಂಗಳುಗಳ ಕಾಲ ಯೋಚಿಸಿ ತಲುಪಿದ ಜಾಗಕ್ಕೆ ಅವರು ಒಂದೇ ದಿನದಲ್ಲಿ ಬರಲಾರರು. ಫೋನ್ ಮಾಡಿ ಗದರಿದರೆ ಕೇಳಿಸಿಕೊಳ್ಳಿ, ಪತ್ರದಲ್ಲಿ ಇಲ್ಲದ ಹೊಸ ಕಾರಣವನ್ನು ಆ ಹೊತ್ತಿನಲ್ಲಿ ಸೇರಿಸಬೇಡಿ. ‘ನೀವು ಹೇಳುವುದು ಕೇಳುತ್ತಿದೆ ದೊಡ್ಡಪ್ಪ, ನಿರ್ಧಾರ ಮಾತ್ರ ಅದೇ’ ಎಂಬಷ್ಟನ್ನು ಅಳುತ್ತಲೇ ಹೇಳಿದರೂ ಸಾಕು. ಅವರು ಕೋರಿಕೆಯನ್ನು ಮೀರಿ ನಿಮ್ಮ ಪತಿಗೆ ಫೋನ್ ಮಾಡುವುದೂ ಉಂಟು. ಹಾಗಾದರೆ ಏನು ಹೇಳಬೇಕೆಂದು ನೀವಿಬ್ಬರೂ ಮೊದಲೇ ಒಂದು ಮಾತಿಗೆ ಬಂದಿರಿ. ಇಬ್ಬರಿಂದಲೂ ಒಂದೇ ಉತ್ತರ ಬಂದರೆ ಮಧ್ಯಸ್ಥಿಕೆಗೆ ಹಿಡಿತ ಸಿಗುವುದಿಲ್ಲ.

ಮೂರು ವಾರ ಕಳೆದರೂ ಏನೂ ಬಾರದಿದ್ದರೆ ಎರಡನೆಯ ಪತ್ರ ಬರೆಯಿರಿ, ನಾಲ್ಕೈದು ಸಾಲಿನದು. ಅದರಲ್ಲಿ ನಿರ್ಧಾರದ ಮಾತೇ ಬೇಡ. ಅವರ ಆರೋಗ್ಯ ಕೇಳಿ, ಹೊಸ ಮನೆಯ ವಿಳಾಸ ಬರೆಯಿರಿ, ಬರಲು ಹೇಳಿದ ದಿನ ಬರುತ್ತೇನೆಂದು ತಿಳಿಸಿ. ಮೊದಲ ಪತ್ರಕ್ಕೆ ಉತ್ತರಿಸಲು ಯಾವ ಮಾತೂ ಸಿಗದೆ ಕುಳಿತ ಹಿರಿಯರು, ವಿಳಾಸವಿರುವ ಈ ಎರಡನೆಯದಕ್ಕೆ ಎಷ್ಟೋ ಸಲ ಉತ್ತರ ಬರೆಯುತ್ತಾರೆ.